ಸೋರಿದ ಸೆಲ್‌ಗೆ ನಿಂಬೆರಸವೋ, ಅಡುಗೆ ಸೋಡಾವೋ?

ಪ್ರಶ್ನೆ: ಸರ್, ನಮ್ಮ ಎಸಿ ರಿಮೋಟನ್ನು ದೀಪಾವಳಿ ಆದಮೇಲೆ ಮುಟ್ಟಿರಲಿಲ್ಲ. ಬಿಸಿಲು ಶುರುವಾಯ್ತು ಅಂತ ಮೊನ್ನೆ ತೆಗೆದರೆ ಎರಡು ಸೆಲ್‌ನಲ್ಲಿ ಒಂದು ಮಾತ್ರ ಸೋರಿದೆ. ಸ್ಪ್ರಿಂಗ್ ತುಂಬಾ ಬಿಳಿ ಪುಡಿ. ಒಳ್ಳೆಯ ಆಲ್ಕಲೈನ್ ಸೆಲ್ಲೇ ಹಾಕಿದ್ದೆವು. ನಮ್ಮ ಅತ್ತೆ ನಿಂಬೆಹಣ್ಣು ಹಚ್ಚು ಅಂತಾರೆ, ಅಂಗಡಿಯವರು ಅಡುಗೆ ಸೋಡಾ ಅಂತಾರೆ. ಯಾವುದು ಸರಿ? ಹೋದ ವರ್ಷ ಗೋಡೆ ಗಡಿಯಾರದಲ್ಲೂ ಹೀಗೇ ಆಗಿತ್ತು. ಮತ್ತೆ ಆಗದಂತೆ ಏನು ಮಾಡಬೇಕು?
(ಓದುಗರು, ಜಲನಗರ, ವಿಜಯಪುರ)

ಉತ್ತರ: ಈ ಸಲ ನಿಮ್ಮ ಅತ್ತೆಯವರ ಮಾತೇ ಸರಿ. ಅಂಗಡಿಯವರು ಹೇಳಿದ್ದೂ ಸುಳ್ಳಲ್ಲ, ಆದರೆ ಅದು ಬೇರೆ ಜಾತಿಯ ಸೆಲ್‌ಗೆ. ನಮ್ಮ ಕಡೆ ಅಂಗಡಿಗಳಲ್ಲಿ ಎರಡು ಬಗೆಯ ಪೆನ್ಸಿಲ್ ಸೆಲ್ ಸಿಗುತ್ತವೆ. ಕಡಿಮೆ ಬೆಲೆಯದು ಜಿಂಕ್ ಕಾರ್ಬನ್. ಅದರೊಳಗಿನ ರಸಕ್ಕೆ ಸ್ವಲ್ಪ ಹುಳಿ ಗುಣ. ಹುಳಿಯನ್ನು ಸೋಡಾ ಅಡಗಿಸುತ್ತದೆ. ಆಲ್ಕಲೈನ್ ಸೆಲ್‌ನಲ್ಲಿ ಇರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಸುಣ್ಣದ ಹಾಗೆ ಸುಡುವ ಖಾರದ ಕ್ಷಾರ. ಅದನ್ನು ಅಡಗಿಸಲು ಹುಳಿಯೇ ಬೇಕು. ಕ್ಷಾರದ ಮೇಲೆ ಸೋಡಾ ಹಾಕಿದರೆ ಕ್ಷಾರ ಹೋಗುವುದಿಲ್ಲ, ಸೋಡಾ ಕೂಡ ಕ್ಷಾರವೇ ಅಲ್ವಾ?

ಹಾಗಾಗಿ ಏನೇ ಹಚ್ಚುವ ಮೊದಲು ಸೆಲ್ ಯಾವ ಜಾತಿಯದು ಅಂತ ನೋಡಿಕೊಳ್ಳಿ. ಹೊದಿಕೆಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಗುರುತು ಇರುತ್ತದೆ. ರಿಮೋಟಿನ ಸಣ್ಣ ಸೆಲ್ ಮೇಲೆ LR03 ಅಂತಲೋ, ಗಡಿಯಾರದ ಸೆಲ್ ಮೇಲೆ LR6 ಅಂತಲೋ ಇದ್ದರೆ ಅದು ಆಲ್ಕಲೈನ್. ಮುಂದಿನ L ಇಲ್ಲದೆ ಬರೀ R03, R6 ಅಂತ ಇದ್ದರೆ ಜಿಂಕ್ ಕಾರ್ಬನ್. ಹೊದಿಕೆಯ ಬಣ್ಣ, ಬೆಲೆ, ಕಂಪನಿಯ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಒಂದೇ ಕಂಪನಿ ಎರಡೂ ಬಗೆ ಮಾರುತ್ತದೆ.

ನಿಮ್ಮಲ್ಲಿ ಪುಡಿ ಸ್ಪ್ರಿಂಗ್ ಕಡೆ ಇದೆ ಅಂದಿದ್ದೀರಿ. ಅದೂ ಆಲ್ಕಲೈನ್ ಅನ್ನುವುದಕ್ಕೆ ಹೊಂದುತ್ತದೆ. ಆಲ್ಕಲೈನ್ ಸೆಲ್‌ನ ಹೊರಗಿನ ಡಬ್ಬಿ ಉಕ್ಕಿನದು. ಅದರ ಬಾಯಿ ಇರುವುದು ಮೈನಸ್ ತುದಿಯಲ್ಲಿ, ಪ್ಲಾಸ್ಟಿಕ್ ಬಿರಡೆಯಿಂದ ಮುಚ್ಚಿರುತ್ತಾರೆ. ಒಳಗೆ ಒತ್ತಡ ಜಾಸ್ತಿಯಾದರೆ ಸೆಲ್ ಸಿಡಿಯದಿರಲಿ ಅಂತ ಆ ಬಿರಡೆಯಲ್ಲೇ ಒಂದು ತೆಳುವಾದ ಜಾಗ ಬಿಟ್ಟಿರುತ್ತಾರೆ. ಅದು ಒಡೆದರೆ ಗಾಳಿಯ ಜೊತೆ ಕ್ಷಾರವೂ ಹೊರಗೆ ಬರುತ್ತದೆ. ರಿಮೋಟಿನಲ್ಲಿ ಮೈನಸ್ ತುದಿ ಕೂರುವುದು ಸ್ಪ್ರಿಂಗ್ ಮೇಲೆ. ಹಾಗಾಗಿ ಮೊದಲ ಪೆಟ್ಟು ಸ್ಪ್ರಿಂಗಿಗೆ.

ಜಿಂಕ್ ಕಾರ್ಬನ್ ಸೆಲ್‌ನ ಕಥೆ ಬೇರೆ. ಅದರಲ್ಲಿ ಜಿಂಕ್ ತಗಡೇ ಡಬ್ಬಿ, ಅದೇ ಇಂಧನ. ಸೆಲ್ ಖರ್ಚಾದಂತೆ ತಗಡು ತೆಳ್ಳಗಾಗಿ ಎಲ್ಲಿ ಬೇಕಾದರೂ ತೂತಾಗಬಹುದು. ಅಂಥ ಸೆಲ್ ಸೋರಿದ್ದರೆ ಅಡುಗೆ ಸೋಡಾವನ್ನು ನಾಲ್ಕು ಹನಿ ನೀರಲ್ಲಿ ಕಲಸಿ ಹಚ್ಚಿ, ಒರೆಸಿ. ಮುಂದಿನ ಕೆಲಸ ಎರಡಕ್ಕೂ ಒಂದೇ.

ಮುಟ್ಟುವ ಮೊದಲು

ಆ ಬಿಳಿ ಪುಡಿ ಒಣಗಿದೆ, ಇನ್ನೇನು ಮಾಡೀತು ಅಂತ ಬಹಳ ಜನ ಉಗುರಿಂದ ಕೆರೆಯುತ್ತಾರೆ. ಬೇಡ. ಹೊರಗೆ ಬಂದ ಕ್ಷಾರ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಪೊಟ್ಯಾಸಿಯಂ ಕಾರ್ಬೊನೇಟ್ ಆಗುತ್ತದೆ. ಅದೇ ಆ ಪುಡಿ. ಮೂಲ ರಸದಷ್ಟು ಖಾರ ಇಲ್ಲ, ಆದರೂ ಚರ್ಮ ಉರಿಯುತ್ತದೆ, ಕಣ್ಣಿಗೆ ಬಿದ್ದರೆ ಕೆಟ್ಟದ್ದು. ಪುಡಿಯ ಅಡಿಯಲ್ಲಿ ಇನ್ನೂ ಹಸಿ ರಸ ಉಳಿದಿರಲೂಬಹುದು. ಬೆರಳು ಸೋಪು ಹಚ್ಚಿದ ಹಾಗೆ ಜಾರುತ್ತಿದೆ ಅನ್ನಿಸಿದರೆ ಕ್ಷಾರ ತಾಗಿದೆ ಅಂತಲೇ ಅರ್ಥ. ಆಗ ಕೈಯನ್ನು ಹರಿಯುವ ನೀರಿನಲ್ಲಿ ಆ ಜಾರು ಹೋಗುವ ತನಕ, ಹೋದ ಮೇಲೂ ಸ್ವಲ್ಪ ಹೊತ್ತು ತೊಳೆಯಿರಿ. ಚರ್ಮಕ್ಕೆ ನಿಂಬೆ, ವಿನೆಗರ್ ಹಚ್ಚಬೇಡಿ. ಅವು ರಿಮೋಟಿಗೆ ಮಾತ್ರ.

ಕಣ್ಣಿಗೆ ಹಾರಿದರೆ ರೆಪ್ಪೆ ಬಿಡಿಸಿಕೊಂಡು ಕನಿಷ್ಠ 15ರಿಂದ 20 ನಿಮಿಷ ನೀರು ಹರಿಸಿ, ಆಮೇಲೆ ತಡಮಾಡದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಉರಿ ಕಡಿಮೆಯಾಯ್ತು ಅಂತ ಮನೆಯಲ್ಲೇ ಕೂರಬೇಡಿ. ಕ್ಷಾರ ಕಣ್ಣಿನೊಳಗೆ ಇಳಿಯುತ್ತಾ ಹೋಗುತ್ತದೆ.

ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಸಾಕು. ಕಣ್ಣಿಗೆ ಕನ್ನಡಕ ಇರಲಿ. ಕಿಟಕಿ ತೆಗೆದು, ಹಳೆ ಪೇಪರ್ ಹಾಸಿ ಕೂತುಕೊಳ್ಳಿ. ಮಕ್ಕಳು ಹತ್ತಿರ ಬೇಡ. ಫ್ಯಾನ್ ಆಫ್ ಮಾಡಿ, ಇಲ್ಲದಿದ್ದರೆ ಪುಡಿ ಮುಖಕ್ಕೇ ಹಾರುತ್ತದೆ.

ಶುಚಿ ಮಾಡುವ ಬಗೆ

ಮೊದಲು ಸೆಲ್ ತೆಗೆಯಿರಿ. ಅಂಟಿಕೊಂಡಿದ್ದರೆ ಐಸ್‌ಕ್ರೀಮ್ ಕಡ್ಡಿಯಂಥ ಮರದ ತುಂಡಿನಿಂದ ಮೀಟಿ. ಚಾಕು, ಸ್ಕ್ರೂಡ್ರೈವರ್ ಬೇಡ. ಹೊದಿಕೆ ಹರಿದರೆ ಶಾರ್ಟ್ ಆಗಬಹುದು, ಸ್ಪ್ರಿಂಗ್ ಕೂಡ ಮುರಿಯುತ್ತದೆ. ತೆಗೆದ ಸೆಲ್ ಪ್ಲಾಸ್ಟಿಕ್ ಕವರ್‌ಗೆ ಹಾಕಿ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಮಾತ್ರ ಸುತ್ತಬೇಡಿ, ಈ ಕ್ಷಾರ ಅಲ್ಯೂಮಿನಿಯಂ ತಿಂದು ಹೈಡ್ರೋಜನ್ ಬಿಡುತ್ತದೆ.

ಈಗ ರಿಮೋಟಿನಲ್ಲಿ ಸೆಲ್ ಕೂರುವ ಗೂಡು ಕೆಳಮುಖವಾಗುವಂತೆ ವಾರೆಯಾಗಿ ಹಿಡಿಯಿರಿ. ಒಣಗಿದ ಹಳೆ ಟೂತ್ ಬ್ರಶ್‌ನಿಂದ ಪುಡಿಯನ್ನು ಪೇಪರ್ ಮೇಲೆ ಉದುರಿಸಿ. ಊದಬೇಡಿ. ಎಷ್ಟು ಪುಡಿ ಒಣಗಿದ್ದಾಗಲೇ ಹೋಗುತ್ತದೋ ಅಷ್ಟು ಒಳ್ಳೆಯದು. ಒದ್ದೆಯಾದರೆ ಅದು ಕರಗಿ ಸಂದಿಗಳಿಗೆ ಇಳಿಯುತ್ತದೆ.

ಆಮೇಲೆ ಬಿಳಿ ವಿನೆಗರ್ ಒಂದು ಚಮಚದಷ್ಟು ಸಣ್ಣ ಬಟ್ಟಲಿಗೆ ಹಾಕಿಕೊಳ್ಳಿ. ಅಂಗಡಿಯಲ್ಲಿ ಅಡುಗೆಗೆ ಸಿಗುವುದೇ ಸಾಕು. ನಿಂಬೆರಸವೂ ಆಗುತ್ತದೆ. ಇಂಡಿ ನಿಂಬೆಯ ಜಿಲ್ಲೆಯಲ್ಲಿದ್ದೀರಿ, ಅದಕ್ಕೇನು ಕೊರತೆ. ಆದರೆ ರಸವನ್ನು ಬಟ್ಟೆಯಲ್ಲಿ ಸೋಸಿಕೊಳ್ಳಿ, ತಿರುಳು ಉಳಿದರೆ ಅಂಟಾಗಿ ಧೂಳು ಹಿಡಿಯುತ್ತದೆ. ಹಿತ್ತಾಳೆ ಪಾತ್ರೆಗೆ ಹಚ್ಚುವ ಹುಣಸೆಹುಳಿ ಉಪ್ಪು ಇಲ್ಲಿ ಬೇಡವೇ ಬೇಡ. ಉಪ್ಪು ಉಳಿದ ಜಾಗದಲ್ಲಿ ತುಕ್ಕು ಬೇಗ ಹತ್ತುತ್ತದೆ.

ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ವಿನೆಗರ್‌ನಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಒತ್ತಿ ಹಿಂಡಿ. ಹತ್ತಿ ಒದ್ದೆ ಇರಬೇಕು, ಹನಿ ಬೀಳಬಾರದು. ಅದನ್ನು ಸ್ಪ್ರಿಂಗಿನ ಬುಡಕ್ಕೆ ಮುಟ್ಟಿಸಿದ ಕೂಡಲೇ ಬುಸ್ ಅಂತ ಸಣ್ಣ ನೊರೆ ಏಳುತ್ತದೆ. ಕಾರ್ಬೊನೇಟ್ ಹುಳಿಗೆ ಸಿಕ್ಕಿ ಗಾಳಿ ಬಿಡುತ್ತಿದೆ ಅಂತ ಅದರರ್ಥ. ಆ ನೊರೆಯೇ ನಿಮ್ಮ ಅಳತೆಗೋಲು. ಒಂದು ಕಡ್ಡಿ ಕೊಳೆಯಾದರೆ ಹೊಸದು ತೆಗೆದುಕೊಳ್ಳಿ. ಸ್ಪ್ರಿಂಗಿನ ಸುತ್ತುಗಳ ನಡುವೆ, ಅದು ಪ್ಲಾಸ್ಟಿಕ್‌ಗೆ ಸೇರುವ ಜಾಗದಲ್ಲಿ, ಎದುರಿನ ತಗಡಿನ ಹಿಂದೆ, ಎಲ್ಲ ಕಡೆ ಮುಟ್ಟಿಸಿ. ಎಲ್ಲೂ ನೊರೆ ಬರುತ್ತಿಲ್ಲ ಅಂದಾಗ ನಿಲ್ಲಿಸಿ.

ಇಲ್ಲಿಗೇ ಬಿಟ್ಟರೆ ಕೆಲಸ ಅರ್ಧವೇ ಆಯ್ತು. ವಿನೆಗರ್ ಉಳಿದರೆ ಅದೂ ಲೋಹ ತಿನ್ನುತ್ತದೆ. ನೀರಲ್ಲಿ ಅದ್ದಿ ಹಿಂಡಿದ ಹತ್ತಿ ಕಡ್ಡಿಯಿಂದ ಎರಡು ಮೂರು ಸಲ ಒರೆಸಿ. ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದರೆ ನೀರಿನ ಪಸೆಯೂ ಹೋಗುತ್ತದೆ. ಮೊಬೈಲ್ ರಿಪೇರಿ ಅಂಗಡಿಯವರು ಇದನ್ನು ದಿನವೂ ಬಳಸುತ್ತಾರೆ, ಕೇಳಿದರೆ ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ. ಬೇಗ ಬೆಂಕಿ ಹತ್ತುವ ವಸ್ತು, ಗ್ಯಾಸ್ ಒಲೆ ಹತ್ತಿರ ಬೇಡ. ಸಿಗದಿದ್ದರೆ ನೀರಿನಲ್ಲಿ ಒರೆಸಿ, ಮುಚ್ಚಳ ತೆಗೆದೇ ಒಂದು ರಾತ್ರಿ ಒಣಗಲು ಬಿಡಿ.

ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡಿ. ಸ್ಪ್ರಿಂಗ್ ಮಂಕಾಗಿದ್ದರೆ ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ, ಬೆಳ್ಳಗಾಗುತ್ತದೆ. ಕಂದು ತುಕ್ಕು ಹಿಡಿದಿದ್ದರೆ 600 ನಂಬರಿನ ನಯವಾದ ಸ್ಯಾಂಡ್ ಪೇಪರ್‌ನ ಚೂರನ್ನು ಕಡ್ಡಿಗೆ ಸುತ್ತಿ, ಸೆಲ್ ತಾಗುವ ತುದಿಯನ್ನಷ್ಟೇ ಮೆಲ್ಲಗೆ ಉಜ್ಜಿ. ಇಡೀ ಸ್ಪ್ರಿಂಗ್ ಉಜ್ಜಬೇಡಿ. ಮೇಲಿನ ನಿಕಲ್ ಲೇಪ ಹೋದರೆ ಮುಂದಿನ ಮಳೆಗಾಲದಲ್ಲಿ ಮತ್ತೆ ತುಕ್ಕು. ಹಸಿರು ಅಥವಾ ನೀಲಿ ಬಣ್ಣ ಕಂಡರೆ ಕ್ಷಾರ ಲೇಪ ದಾಟಿ ತಾಮ್ರದ ತನಕ ಹೋಗಿದೆ ಅಂತ ತಿಳಿಯಿರಿ. ಒರೆಸಿದರೆ ಕೆಲಸ ಮಾಡಬಹುದು, ಆದರೆ ಆ ತಗಡಿನ ಆಯಸ್ಸು ಕಡಿಮೆ. ಸ್ಪ್ರಿಂಗ್ ಮುರಿದೇ ಹೋಗಿದ್ದರೆ ರಿಪೇರಿಯವರು ಇನ್ನೊಂದನ್ನು ಬೆಸುಗೆ ಹಾಕಿ ಕೊಡುತ್ತಾರೆ. ಅದು ಸಣ್ಣ ಕೆಲಸ.

ಪುಡಿಯನ್ನು ಸಂದಿಯಲ್ಲಿ ಬಿಟ್ಟರೆ ಏನಾಗುತ್ತದೆ? ಬೇಸಿಗೆಯಲ್ಲಿ ಏನೂ ಕಾಣುವುದಿಲ್ಲ. ಪೊಟ್ಯಾಸಿಯಂ ಕಾರ್ಬೊನೇಟ್ ಗಾಳಿಯ ತೇವ ಹೀರಿಕೊಳ್ಳುವ ವಸ್ತು. ಜುಲೈನಲ್ಲಿ ಹವೆ ತಂಪಾದಾಗ ಅದು ಮತ್ತೆ ಒದ್ದೆಯಾಗಿ ಮತ್ತೆ ಲೋಹ ತಿನ್ನಲು ಶುರು ಮಾಡುತ್ತದೆ. "ಒರೆಸಿ ಇಟ್ಟಿದ್ದೆವು, ಹೊಸ ಸೆಲ್ ಹಾಕಿದರೂ ಮತ್ತೆ ಕೆಟ್ಟಿತು" ಅನ್ನುವ ರಿಮೋಟ್‌ಗಳಲ್ಲಿ ನಾನು ಮೊದಲು ನೋಡುವುದು ಸ್ಪ್ರಿಂಗಿನ ಬುಡವನ್ನೇ.

ರಿಮೋಟ್ ಬದುಕಿದೆಯೇ ಅಂತ ನೋಡುವುದು

ಹೊಸ ಸೆಲ್ ಹಾಕಿ, ಮೊಬೈಲಿನ ಕ್ಯಾಮೆರಾ ತೆರೆಯಿರಿ. ಸೆಲ್ಫಿ ಕ್ಯಾಮೆರಾ ಇನ್ನೂ ಒಳ್ಳೆಯದು, ಹಲವು ಫೋನ್‌ಗಳಲ್ಲಿ ಹಿಂದಿನ ಕ್ಯಾಮೆರಾ ರಿಮೋಟಿನ ಬೆಳಕನ್ನು ತಡೆದುಬಿಡುತ್ತದೆ. ರಿಮೋಟಿನ ಮೂತಿಯನ್ನು ಕ್ಯಾಮೆರಾಕ್ಕೆ ತೋರಿಸಿ ಬಟನ್ ಒತ್ತಿ. ಬರಿಗಣ್ಣಿಗೆ ಕಾಣದ ಬೆಳಕು ಪರದೆ ಮೇಲೆ ನೇರಳೆ ಬಿಳುಪಾಗಿ ಮಿನುಗಿದರೆ ರಿಮೋಟ್ ಕೆಲಸ ಮಾಡುತ್ತಿದೆ.

ಉಳಿದ ಎಲ್ಲ ಬಟನ್‌ಗೂ ಮಿನುಗಿ, ಒಂದೆರಡಕ್ಕೆ ಮಾತ್ರ ಮಿನುಗದಿದ್ದರೆ ರಸ ಒಳಗಿನ ಬೋರ್ಡಿಗೆ ಇಳಿದಿರಬಹುದು. ಆಗ ರಿಮೋಟ್ ಬಿಚ್ಚಬೇಕಾಗುತ್ತದೆ. ಟಿವಿ ರಿಮೋಟ್ ಆದರೆ ಧೈರ್ಯವಾಗಿ ಬಿಚ್ಚಿ ಅನ್ನುತ್ತಿದ್ದೆ. ಎಸಿ ರಿಮೋಟಿಗೆ ಹಾಗೆ ಹೇಳಲಾರೆ. ಅದರ ಪರದೆಯನ್ನು ಬೋರ್ಡಿಗೆ ಸೇರಿಸುವುದು ಸಾಮಾನ್ಯವಾಗಿ ಒಂದು ಮೃದುವಾದ ರಬ್ಬರ್ ಪಟ್ಟಿ. ಅದು ಕೂದಲೆಳೆಯಷ್ಟು ಸರಿದರೂ, ಅದಕ್ಕೆ ಒದ್ದೆ ತಾಗಿದರೂ ಅಂಕಿಗಳ ಗೆರೆಗಳು ಮಾಯವಾಗುತ್ತವೆ. ಹೊರಗಿಂದ ಒರೆಸಿದ್ದರಿಂದಲೇ ಸರಿಹೋದರೆ ಬಿಚ್ಚಬೇಡಿ. ಬಿಚ್ಚಲೇಬೇಕಾದರೆ ಗಾಂಧಿ ಚೌಕದ ಕಡೆ ಟಿವಿ ರಿಪೇರಿ ಮಾಡುವವರ ಕೈಗೆ ಕೊಡಿ, "ಸೆಲ್ ಸೋರಿತ್ತು, ವಿನೆಗರ್‌ನಲ್ಲಿ ಒರೆಸಿದ್ದೇನೆ" ಅಂತ ಹೇಳಿಯೇ ಕೊಡಿ.

ಒಂದೇ ಸೆಲ್ ಯಾಕೆ ಸೋರಿತು?

ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ. ಒಂದು ಸೋರಿ ಇನ್ನೊಂದು ಚೆನ್ನಾಗಿದ್ದರೆ ಎರಡೂ ಒಂದೇ ವಯಸ್ಸಿನವಲ್ಲ ಅನ್ನುವ ಅನುಮಾನ ಮೊದಲು ಬರುತ್ತದೆ. ಹೋದ ಬೇಸಿಗೆಯಲ್ಲಿ ಎಂದೋ ಒಂದನ್ನು ಮಾತ್ರ ಬದಲಿಸಿದ್ದಿರಾ? ಅಥವಾ ಟಿವಿ ರಿಮೋಟಿಂದ ಒಂದು ತೆಗೆದು ಇದಕ್ಕೆ ಹಾಕಿದ್ದಿರಾ? ಮನೆಯವರನ್ನು ಕೇಳಿ ನೋಡಿ.

ಎರಡು ಸೆಲ್ ಸಾಲಾಗಿ ಕೂತಾಗ ಎರಡರಲ್ಲೂ ಹರಿಯುವ ಕರೆಂಟ್ ಒಂದೇ. ಹಳೆಯದು ಮೊದಲು ಬರಿದಾಗುತ್ತದೆ. ಹೊಸದರಲ್ಲಿ ಇನ್ನೂ ಬಲ ಇರುತ್ತದೆ. ಅದು ಬರಿದಾದ ಸೆಲ್ ಮೂಲಕವೇ ಕರೆಂಟ್ ತಳ್ಳುತ್ತಾ ಹೋಗುತ್ತದೆ. ಹೀಗೆ ಮಿತಿ ಮೀರಿ ಹಿಂಡಿದ ಸೆಲ್ ಒಳಗೆ ಹೈಡ್ರೋಜನ್ ಗಾಳಿ ಹುಟ್ಟುತ್ತದೆ, ಒತ್ತಡ ಏರುತ್ತದೆ, ಮೈನಸ್ ತುದಿಯ ಬಿರಡೆ ಒಡೆಯುತ್ತದೆ.

ನೋಡಲು ಸುಲಭದ ಉಪಾಯ ಇದೆ. ಮಲ್ಟಿಮೀಟರ್ ಇದ್ದರೆ ಡಿಸಿ 20 ವೋಲ್ಟ್‌ಗೆ ಇಟ್ಟು, ಗ್ಲೌಸ್ ಹಾಕಿಕೊಂಡೇ ಎರಡೂ ಸೆಲ್ ಅಳೆಯಿರಿ. ಹೊಸ ಆಲ್ಕಲೈನ್ 1.6ರ ಹತ್ತಿರ ತೋರಿಸುತ್ತದೆ. 1.2ಕ್ಕೆ ಇಳಿದಿದ್ದರೆ ಬಹುಪಾಲು ಖರ್ಚಾಗಿದೆ. ಒಂದು 1.4, ಸೋರಿದ್ದು 0.3 ಅಂತ ಬಂದರೆ ಬಲವಿದ್ದ ಸೆಲ್ ಬರಿದಾದದ್ದನ್ನು ಹಿಂಡಿದೆ ಅನ್ನಬಹುದು. ಎರಡೂ ಕೂಡಿ 1.7 ವೋಲ್ಟ್ ಇದೆಯಲ್ಲ, ಅಷ್ಟಕ್ಕೆ ಕೆಲವು ರಿಮೋಟಿನ ಪರದೆ ಮಂಕಾಗಿಯಾದರೂ ಬದುಕಿರುತ್ತದೆ. ಹಾಗಾಗಿ ಯಾರಿಗೂ ಸಂಶಯ ಬರುವುದಿಲ್ಲ. ಎರಡೂ ಒಂದೇ ಪ್ಯಾಕೆಟ್‌ನವು, ಅಳತೆಯಲ್ಲೂ ಹತ್ತಿರ ಹತ್ತಿರ ಇವೆ ಅಂತಾದರೆ ಆ ಒಂದು ಸೆಲ್‌ನ ಬಿರಡೆಯೇ ದುರ್ಬಲ ಇತ್ತು ಅಂದುಕೊಳ್ಳಬೇಕು. ಅದೂ ಆಗುತ್ತದೆ, ಆದರೆ ಕಡಿಮೆ.

ಎಸಿ ರಿಮೋಟಿನಲ್ಲಿ ಇನ್ನೊಂದು ಸಂಗತಿ ಇದೆ. ಅದರ ಪರದೆ ಮೇಲೆ ಗಂಟೆಯೋ, ಡಿಗ್ರಿಯೋ ಸದಾ ಕಾಣುತ್ತಿರುತ್ತದೆ. ಟಿವಿ ರಿಮೋಟ್ ಬಟನ್ ಒತ್ತದಿದ್ದರೆ ಹೆಚ್ಚುಕಡಿಮೆ ಏನೂ ಎಳೆಯುವುದಿಲ್ಲ. ಇದು ಹಗಲೂ ರಾತ್ರಿ ಸ್ವಲ್ಪ ಸ್ವಲ್ಪ ಎಳೆಯುತ್ತಲೇ ಇರುತ್ತದೆ. ನೀವು ಮುಟ್ಟದ ಅಷ್ಟು ತಿಂಗಳೂ ಆ ಹಳೆ ಸೆಲ್ ದುಡಿಯುತ್ತಲೇ ಇತ್ತು.

ಮತ್ತೆ ಆಗದಂತೆ

ನಮ್ಮ ಕಡೆ ಎಸಿ ಬೇಕಾಗುವುದು ಹೆಚ್ಚೆಂದರೆ ಮಾರ್ಚ್‌ನಿಂದ ಜೂನ್. ಮಳೆ ಹಿಡಿದು ಎಸಿ ನಿಲ್ಲಿಸಿದ ದಿನವೇ ರಿಮೋಟಿನ ಸೆಲ್ ತೆಗೆದುಬಿಡಿ. ಕೂಲರ್ ರಿಮೋಟಿಗೂ ಇದೇ. ಗಂಟೆ ಮತ್ತೆ ಹೊಂದಿಸಬೇಕಾಗುತ್ತದೆ, ಅಷ್ಟೇ ನಷ್ಟ. ತೆಗೆದ ಎರಡನ್ನೂ ಒಂದೇ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಡಿ, ಜೋಡಿ ತಪ್ಪದಿರಲಿ. ಬದಲಿಸುವಾಗಲೂ ಎರಡನ್ನೂ ಒಟ್ಟಿಗೆ, ಒಂದೇ ಪ್ಯಾಕೆಟ್‌ನಿಂದ ಹಾಕಿ. ಒಂದು ಆಲ್ಕಲೈನ್, ಒಂದು ಜಿಂಕ್ ಕಾರ್ಬನ್ ಹಾಕುವುದಂತೂ ಬೇಡ. ಎರಡರ ಶಕ್ತಿಯೇ ಬೇರೆ, ಹೊಸವಾದರೂ ಹಳೆ ಹೊಸ ಬೆರೆಸಿದ ಹಾಗೆಯೇ ಆಗುತ್ತದೆ.

ಪ್ರತಿ ವರ್ಷ ತೆಗೆಯುವುದು ನೆನಪಿರುವುದಿಲ್ಲ ಅನ್ನುವವರು FR03 ಗುರುತಿನ ಲಿಥಿಯಂ ಸೆಲ್ ಹಾಕಬಹುದು. ಬೆಲೆ ಜಾಸ್ತಿ, ಆದರೆ ಸೋರುವುದು ಬಹಳ ಅಪರೂಪ. ದಿನವೂ ಕೈಯಲ್ಲಿರುವ ಟಿವಿ ರಿಮೋಟಿಗೆ ಅಷ್ಟು ಖರ್ಚು ಬೇಡ.

ಗಡಿಯಾರದ್ದು ಬೇರೆ ತೊಂದರೆ. ಅಲ್ಲಿ ಇರುವುದು ಒಂದೇ ಸೆಲ್, ಜೋಡಿಯ ಜಗಳ ಇಲ್ಲ. ಆದರೆ ಗಡಿಯಾರ ಎಳೆಯುವುದು ತೀರಾ ಕಡಿಮೆ. ಒಳ್ಳೆಯ ಆಲ್ಕಲೈನ್ ಹಾಕಿದರೆ ಎರಡು ವರ್ಷ ಓಡಿದರೂ ಆಶ್ಚರ್ಯವಿಲ್ಲ. ಅಷ್ಟರಲ್ಲಿ ಎಂದು ಹಾಕಿದ್ದು ಅಂತ ಯಾರಿಗೂ ನೆನಪಿರುವುದಿಲ್ಲ. ನಿಂತ ಮೇಲೂ "ನಾಳೆ ಹಾಕಿದರಾಯ್ತು" ಅಂತ ವಾರಗಟ್ಟಲೆ ಹಾಗೇ ನೇತಾಡುತ್ತದೆ. ಬರಿದಾದ ಸೆಲ್ ಗಡಿಯಾರದೊಳಗೆ ಕೂತಿರುವ ಆ ದಿನಗಳೇ ಅಪಾಯದವು.

ಗಡಿಯಾರ ಮೊದಲೇ ಸೂಚನೆ ಕೊಡುತ್ತದೆ. ಸೆಕೆಂಡ್ ಮುಳ್ಳು ಒಂಬತ್ತರ ಹತ್ತಿರ ಬಂದು, ಮುಂದೆ ಹೋಗಲಾರದೆ ಇದ್ದಲ್ಲೇ ಟಕ್ ಟಕ್ ಅಂತ ಕುಣಿಯುವುದನ್ನು ನೋಡಿರುತ್ತೀರಿ. ಆರರಿಂದ ಹನ್ನೆರಡಕ್ಕೆ ಮುಳ್ಳನ್ನು ಎತ್ತಿಕೊಂಡು ಏರಬೇಕು, ಅದರ ಭಾರ ಪೂರ್ತಿ ಬೀಳುವುದು ಒಂಬತ್ತರಲ್ಲಿ. ಸೆಲ್‌ನಲ್ಲಿ ಅಷ್ಟು ಎತ್ತುವ ಬಲ ಉಳಿದಿಲ್ಲ. ಅದನ್ನು ಕಂಡ ದಿನವೇ ಸೆಲ್ ತೆಗೆಯಿರಿ. ಹೊಸದು ಮನೆಯಲ್ಲಿ ಇಲ್ಲದಿದ್ದರೂ ಹಳೆಯದನ್ನು ತೆಗೆದೇ ಬಿಡಿ. ಹೊಸ ಸೆಲ್ ಹಾಕಿದ ಮೇಲೂ ಮುಳ್ಳು ಹಾಗೇ ಕುಣಿದರೆ ಸೆಲ್ ತಾಗುವ ತಗಡು ಮಂಕಾಗಿರಬೇಕು. ಹೋದ ವರ್ಷ ಸೋರಿದ್ದ ಗಡಿಯಾರ ಅಂದಿರಲ್ಲ, ಅದರ ತಗಡನ್ನೂ ಈಗ ಒಮ್ಮೆ ನೋಡಿ.

ನನ್ನ ಸಲಹೆ ಏನಂದರೆ, ಗಡಿಯಾರ ಓಡುತ್ತಿದ್ದರೂ ಯುಗಾದಿಗೆ ಸೆಲ್ ಬದಲಿಸಿ. ನಮ್ಮ ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ಆ ಹಬ್ಬ ಬರುತ್ತದೆ. ಬಿಸಿ ಹೆಚ್ಚಿದಷ್ಟೂ ಸೆಲ್ ಒಳಗೆ ಗಾಳಿ ಹುಟ್ಟುವುದು ಹೆಚ್ಚು, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ವರ್ಷಕ್ಕೊಮ್ಮೆ ಬದಲಿಸುವುದೇ ಆದರೆ ಜಿಂಕ್ ಕಾರ್ಬನ್ ಸೆಲ್ಲೇ ಸಾಕು, ಸುಮ್ನೆ ಆಲ್ಕಲೈನ್‌ಗೆ ದುಡ್ಡು ಹಾಕಬೇಕಿಲ್ಲ. ಹೊಸ ಸೆಲ್ ಮೇಲೆ ಸಣ್ಣ ಪಟ್ಟಿ ಅಂಟಿಸಿ ತಿಂಗಳು, ವರ್ಷ ಬರೆದುಬಿಡಿ. ಪಡುವಣ ಬಿಸಿಲು ಬೀಳುವ ಗೋಡೆ, ತಗಡಿನ ಮಾಡಿಗೆ ಹತ್ತಿರದ ಜಾಗ ಬಿಟ್ಟು ಗಡಿಯಾರ ಬೇರೆ ಕಡೆ ತೂಗುಹಾಕಿ. ಬಿಡಿ ಸೆಲ್‌ಗಳನ್ನು ಟಿವಿ ಮೇಲೆ, ಕಾರಿನೊಳಗೆ ಇಡಬೇಡಿ. ಫ್ರಿಜ್‌ನಲ್ಲೂ ಬೇಡ, ಹೊರಗೆ ತೆಗೆದಾಗ ಬೆವರುತ್ತವೆ. ತಂಪಾದ ಕಪಾಟು ಸಾಕು.

ಸೋರಿದ ಸೆಲ್, ಒರೆಸಿದ ಹತ್ತಿ, ಉದುರಿದ ಪುಡಿಯ ಪೇಪರ್ ಎಲ್ಲ ಒಂದೇ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಕಟ್ಟಿ. ಬಳಸಿದ ಸೆಲ್ ಮನೆಯ ಮಾಮೂಲಿ ಕಸ ಅಲ್ಲ. ಪಾಲಿಕೆಯ ಕಸದ ಗಾಡಿ ಬಂದಾಗ ಹಸಿ ಕಸ, ಒಣ ಕಸದಲ್ಲಿ ಬೆರೆಸದೆ "ಇದು ಸೆಲ್" ಅಂತ ಹೇಳಿ ಬೇರೆಯಾಗಿ ಕೊಡಿ. ಒಲೆಗೆ ಹಾಕಬೇಡಿ, ಸಿಡಿಯುತ್ತದೆ. ಒಳಗಿನ ಕಪ್ಪು ಕಡ್ಡಿಗಾಗಿ ಮಕ್ಕಳು ಹಳೆ ಸೆಲ್ ಜಜ್ಜುವುದುಂಟು. ಆ ಕಡ್ಡಿ ಇರುವುದು ಜಿಂಕ್ ಕಾರ್ಬನ್‌ನಲ್ಲಿ. ಆಲ್ಕಲೈನ್ ಜಜ್ಜಿದರೆ ಕಡ್ಡಿ ಸಿಗುವುದಿಲ್ಲ, ಮುಖಕ್ಕೆ ಕ್ಷಾರ ಸಿಡಿಯುತ್ತದೆ. ಕವರ್ ಗಾಡಿಗೆ ಹೋಗುವ ತನಕ ಅವರ ಕೈಗೆ ಎಟುಕದ ಕಡೆ ಇಡಿ.